ಟೀ ಶರ್ಟ್ ಯಾಕೆ ಗಿಡ್ಡ ಆಯ್ತು?

ಹೋದ ವರ್ಷದ ರಾಜ್ಯೋತ್ಸವದ ಟೀ ಶರ್ಟ್ ಯಾರ ಹತ್ತಿರ ಇದೆಯೋ ಅವರಿಗೆಲ್ಲ ಈ ಕಥೆ ಅರ್ಧ ಗೊತ್ತೇ ಇದೆ. ತಲೆಗೆ 350 ರೂಪಾಯಿ ಹಾಕಿ 64 ಟೀ ಶರ್ಟ್ ಮಾಡಿಸಿದ್ವಿ. ಹಳದಿ ಬಣ್ಣ, ಎದೆಯ ಮೇಲೆ ಕೆಂಪು ಅಕ್ಷರ, ನವೆಂಬರ್ 1ರಂದು ಫೋಟೋದಲ್ಲಿ ಎಲ್ಲರೂ ಚೆನ್ನಾಗೇ ಕಾಣಿಸಿದ್ದೇವೆ. ಎರಡು ಸಲ ತೊಳೆದ ಮೇಲೆ ಕೈ ಎತ್ತಿದರೆ ಹೊಟ್ಟೆ ಕಾಣೋ ಸ್ಥಿತಿ. 70 ಸೆಂ.ಮೀ. ಉದ್ದ ಇದ್ದ ಎಂ ಸೈಜ್ 64ಕ್ಕೆ ಬಂದಿತ್ತು. ವಿಚಿತ್ರ ಅಂದ್ರೆ ಅಗಲ ಒಂಚೂರೂ ಕಡಿಮೆ ಆಗಿರಲಿಲ್ಲ, ಕೆಲವರದ್ದು ಅರ್ಧ ಸೆಂ.ಮೀ. ಜಾಸ್ತಿಯೇ ಆಗಿತ್ತು. ಫಸ್ಟ್ ಇಯರ್‌ನವರು ಅದಕ್ಕೆ ಇಟ್ಟ ಹೆಸರನ್ನು ಇಲ್ಲಿ ಬರೆಯುವುದು ಬೇಡ.

ಮಾಡಿಕೊಟ್ಟವರನ್ನು ಕೇಳಿದ್ರೆ "ಹಾಸ್ಟೆಲ್ ಮಷೀನಲ್ಲಿ ಬಿಸಿ ನೀರಲ್ಲಿ ಹಾಕಿರ್ತೀರಾ, ಅದಕ್ಕೇ" ಅಂದರು. ನಾವು "ನೂಲೇ ಕಳಪೆ, ಒಗೆದಾಗ ಕುಗ್ಗಿದೆ" ಅಂದ್ವಿ. ಅದೇ ಮಷೀನಲ್ಲಿ, ಅದೇ ನೀರಲ್ಲಿ ಹಾಕಿದ ನಮ್ಮ ಕಾಟನ್ ಶರ್ಟ್‌ಗಳು ಮಾತ್ರ ಹೆಚ್ಚೂ ಕಡಿಮೆ ಹಾಗೇ ಇದ್ದವು. ಶರ್ಟೂ ಹತ್ತಿ, ಟೀ ಶರ್ಟೂ ಹತ್ತಿ. ಹಾಗಾದ್ರೆ ವ್ಯತ್ಯಾಸ ಎಲ್ಲಿಂದ ಬಂತು? ಈ ವರ್ಷ ಮತ್ತೆ ಆರ್ಡರ್ ಕೊಡುವ ಜವಾಬ್ದಾರಿ ನಮ್ಮ ಬ್ಯಾಚಿಗೆ ಬಂದಿದ್ದರಿಂದ, ದುಡ್ಡು ಕೊಡುವ ಮೊದಲು ಇದನ್ನು ತಿಳಿದುಕೊಳ್ಳಲೇಬೇಕು ಅಂತ ಕೂತೆವು. ಕ್ಲಬ್ಬಿನ ಬೀರುವಿನಲ್ಲಿ ಯಾರೂ ತೊಗೊಳ್ಳದ ಒಂದು ಎಕ್ಸ್‌ಎಲ್ ಟೀ ಶರ್ಟ್ ಉಳಿದಿತ್ತು, ಒಂದು ಸಲವೂ ನೀರು ಕಾಣದ್ದು. ಅದನ್ನು ಕತ್ತರಿಸಿದೆವು. ಜೊತೆಗೆ ಬಟ್ಟೆ ಅಂಗಡಿಯಿಂದ ಒಂದು ಮೀಟರ್ ಕಾಟನ್ ಪಾಪ್ಲಿನ್ ತಂದೆವು, ಶರ್ಟ್ ಹೊಲಿಸುವ ಮಾಮೂಲಿ ಬಟ್ಟೆ.

ಕಾಲೇಜ್ ಗೇಟಿನ ಎದುರಿಗಿರುವ ಟೈಲರ್ ಅಂಕಲ್ ಟೀ ಶರ್ಟ್ ತುಂಡನ್ನು ಬೆರಳಲ್ಲಿ ಒಮ್ಮೆ ಎಳೆದು ನೋಡಿ, "ಇದು ಬನಿಯನ್ ಬಟ್ಟೆ ಕಣಪ್ಪಾ, ಇದನ್ನ ನೇಯೋದಿಲ್ಲ, ಹೆಣೀತಾರೆ" ಅಂದರು. ಅಲ್ಲಿಂದ ನಮ್ಮ ಪಾಠ ಶುರುವಾಯಿತು.

ನೇಯ್ದ ಬಟ್ಟೆ ಅಂದರೆ ಎರಡು ಗುಂಪಿನ ನೂಲು. ಮಗ್ಗದ ಮೇಲೆ ಉದ್ದಕ್ಕೆ ಬಿಗಿಯಾಗಿ ಎಳೆದು ಕಟ್ಟಿರುವುದು ಹಾಸು, ಲಾಳಿ ಅಡ್ಡಕ್ಕೆ ತೆಗೆದುಕೊಂಡು ಹೋಗುವುದು ಹೊಕ್ಕು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ 'ಹಾಸುಹೊಕ್ಕು' ಅನ್ನೋ ಮಾತು ಭಾಷಣದಲ್ಲಿ ಕೇಳಿ ಗೊತ್ತಿತ್ತು, ಅದು ಮಗ್ಗದಿಂದ ಬಂದಿದ್ದು ಅಂತ ಮಾತ್ರ ಗೊತ್ತಿರಲಿಲ್ಲ. ಹೇಳಿಕೊಟ್ಟವನು ಗುಳೇದಗುಡ್ಡದ ನಮ್ಮ ಕ್ಲಾಸ್‌ಮೇಟ್, ಅವರ ಮನೆಯಲ್ಲಿ ಖಣ ನೇಯುತ್ತಿದ್ದರು. ಒಂದು ಹೊಕ್ಕಿನ ನೂಲು ಒಂದು ಹಾಸಿನ ಮೇಲೆ, ಮುಂದಿನದರ ಕೆಳಗೆ, ಮತ್ತೆ ಮೇಲೆ, ಹೀಗೆ ಸಣ್ಣ ಅಲೆಯ ಹಾಗೆ ಹೋಗುತ್ತದೆ. ದೂರದಿಂದ ನೋಡಿದರೆ ಅದು ನೇರ ಗೆರೆಯೇ.

ಹೆಣೆದ ಬಟ್ಟೆಯಲ್ಲಿ ನೇರ ಗೆರೆ ಅನ್ನುವುದೇ ಇಲ್ಲ. ನೂಲು ಕುಣಿಕೆ ಹಾಕಿಕೊಳ್ಳುತ್ತಾ ಹೋಗುತ್ತದೆ, ಪ್ರತಿ ಕುಣಿಕೆಯೂ ಕೆಳಗಿನ ಸಾಲಿನ ಕುಣಿಕೆಯ ಒಳಗಿಂದ ಎದ್ದು ಬಂದಿರುತ್ತದೆ. ಅಜ್ಜಿ ಎರಡು ಕಡ್ಡಿಯಲ್ಲಿ ಸ್ವೆಟರ್ ಹಾಕುತ್ತಿದ್ದದ್ದೂ ಇದೇ, ಟೀ ಶರ್ಟ್ ಬಟ್ಟೆಯೂ ಇದೇ. ಇಲ್ಲಿ ಕಡ್ಡಿಯ ಬದಲು ದುಂಡಗಿನ ಮಷೀನಿನಲ್ಲಿ ಸಾವಿರಾರು ಸೂಜಿ ಇರುತ್ತವೆ, ಬಟ್ಟೆ ಕೊಳವೆಯ ಹಾಗೆ ಇಳಿಯುತ್ತದೆ. ಮೊಬೈಲ್ ಕ್ಯಾಮೆರಾವನ್ನು ಹತ್ತಿರ ಹಿಡಿದು ಜೂಮ್ ಮಾಡಿದರೆ ಟೀ ಶರ್ಟಿನ ಹೊರಗಡೆ ಸಣ್ಣ ಸಣ್ಣ ಇಂಗ್ಲಿಷ್ 'ವಿ' ಅಕ್ಷರಗಳು ಒಂದರ ಮೇಲೊಂದು ಕೂತಿರುವುದು ಕಾಣುತ್ತದೆ. ಆ ಒಂದೊಂದು 'ವಿ'ಯೂ ಒಂದು ಕುಣಿಕೆಯ ಎರಡು ಕಾಲು.

ಇಷ್ಟು ನೋಡಿದ ಮೇಲೆ ಒಂದು ಕೆಲಸ ಮಾಡಿದೆವು. ನಮಗೆ ಇಡೀ ವಿಷಯ ಅರ್ಥವಾಗಿದ್ದು ಅದರಿಂದಲೇ. ಪಾಪ್ಲಿನ್‌ನಲ್ಲಿ ಹಾಸಿನ ದಿಕ್ಕಿಗೆ ಸರಿಯಾಗಿ 30 ಸೆಂ.ಮೀ. ಅಳೆದು, ಎರಡು ಕಡೆ ಪೆನ್ನಿನಲ್ಲಿ ಚುಕ್ಕೆ ಇಟ್ಟು, ಸೂಜಿಯಿಂದ ಒಂದು ನೂಲನ್ನು ಎಳೆದು ತೆಗೆದೆವು. ಅಲೆ ಬಿಚ್ಚಿಕೊಳ್ಳುವಷ್ಟು ಮಾತ್ರ ಮೆಲ್ಲಗೆ ಎಳೆದು ಅಳೆದರೆ ಚುಕ್ಕೆಯಿಂದ ಚುಕ್ಕೆಗೆ 32.1 ಸೆಂ.ಮೀ. ಹೊಕ್ಕಿನ ನೂಲು 30.9. ಅಂದರೆ ನೇಯ್ದ ಬಟ್ಟೆಯ ಒಳಗೆ ಅಡಗಿಸಿಟ್ಟ ನೂಲು ಹಾಸಿನಲ್ಲಿ ಶೇಕಡಾ 7, ಹೊಕ್ಕಿನಲ್ಲಿ ಶೇಕಡಾ 3, ಅಷ್ಟೇ.

ಆಮೇಲೆ ಟೀ ಶರ್ಟ್. ಅಡ್ಡಕ್ಕೆ 100 ಕುಣಿಕೆ ಎಣಿಸಿ ಎರಡು ಕಡೆ ಚುಕ್ಕೆ ಇಟ್ಟೆವು. ಈ ಎಣಿಕೆಗೆ ಮೂರು ಜನ, ಒಂದು ಭೂತಗನ್ನಡಿ, ಸುಮಾರು ಅರ್ಧ ಗಂಟೆ ಬೇಕಾಯಿತು. ಬಟ್ಟೆಯ ಮೇಲೆ ಆ 100 ಕುಣಿಕೆ ಹಿಡಿದಿದ್ದ ಜಾಗ 7 ಸೆಂ.ಮೀ.ಗಿಂತ ಸ್ವಲ್ಪ ಕಡಿಮೆ. ಆ ಸಾಲನ್ನು ಬಿಚ್ಚಿದರೆ ನೂಲು ಮ್ಯಾಗಿ ಹಾಗೆ ಸುರುಳಿ ಸುರುಳಿಯಾಗಿ ಬಂತು. (ಬಟ್ಟೆಯ ಒಂದು ತುದಿಯಿಂದ ಮಾತ್ರ ಸರಸರ ಬಿಚ್ಚುತ್ತದೆ, ಇನ್ನೊಂದು ತುದಿಯಿಂದ ಎಳೆದರೆ ಗಂಟು ಬೀಳುತ್ತದೆ. ಕೊನೆಗೆ ಹೆಣೆದ ಕಡೆಯಿಂದ ಶುರು ಮಾಡಬೇಕು.) ಸುರುಳಿ ಹೋಗುವಷ್ಟು ಎಳೆದು ಅಳೆದರೆ 28 ಸೆಂ.ಮೀ. ಏಳು ಸೆಂ.ಮೀ. ಬಟ್ಟೆಯಲ್ಲಿ 28 ಸೆಂ.ಮೀ. ನೂಲು! ನಾಲ್ಕು ಪಟ್ಟು.

ಹಿಗ್ಗುವ ವಿಷಯಕ್ಕೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಯೇ ಇಲ್ಲ ಅಂತ ನಮಗನ್ನಿಸುತ್ತೆ. ಹತ್ತಿಯ ನೂಲು ರಬ್ಬರ್ ಅಲ್ಲ, ಎಳೆದರೆ ಸ್ವಲ್ಪ ಬಂದು ಕಿತ್ತುಹೋಗುತ್ತೆ. ಬಟ್ಟೆ ಹಿಗ್ಗಬೇಕಾದರೆ ಒಳಗೆ ಅಡಗಿರುವ ನೂಲು ಹೊರಗೆ ಬರಬೇಕು. ನೇಯ್ದ ಬಟ್ಟೆಯಲ್ಲಿ ಅಡಗಿರುವುದೇ ಚಿಲ್ಲರೆ, ಹೆಣೆದದ್ದರಲ್ಲಿ ಗೋದಾಮೇ ಇದೆ.

ಇದನ್ನು ಅಳೆದೂ ನೋಡಿದೆವು. 5 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, 20 ಸೆಂ.ಮೀ. ದೂರದಲ್ಲಿ ಎರಡು ಗೆರೆ ಎಳೆದು, ಮೇಲೆ ಕ್ಲಿಪ್ ಹಾಕಿ ಕೆಳಗೆ ಅರ್ಧ ಲೀಟರ್ ನೀರಿನ ಬಾಟಲ್ ನೇತುಹಾಕಿದೆವು. ಪಾಪ್ಲಿನ್ ಹಾಸಿನ ದಿಕ್ಕಿಗೆ 20.2 ಆಯ್ತು, ಹೊಕ್ಕಿನ ದಿಕ್ಕಿಗೆ 20.3. ಟೀ ಶರ್ಟ್ ಬಟ್ಟೆ ಉದ್ದಕ್ಕೆ 23.5, ಅಡ್ಡಕ್ಕೆ 31. ಅಡ್ಡಕ್ಕೆ ಯಾಕೆ ಅಷ್ಟು ಜಾಸ್ತಿ ಅಂತ ಒಂದು ಕುಣಿಕೆಯ ಚಿತ್ರ ಬರೆದು ನೋಡಿದರೆ ಗೊತ್ತಾಗುತ್ತೆ. ಕುಣಿಕೆಯ ನೂಲಿನಲ್ಲಿ ಬಹುಪಾಲು ಅದರ ಎರಡು ಕಾಲುಗಳಲ್ಲಿದೆ, ಕಾಲುಗಳು ನಿಂತಿರುವುದು ಉದ್ದಕ್ಕೆ. ಅಡ್ಡಕ್ಕೆ ಎಳೆದಾಗ ಆ ಎರಡೂ ಕಾಲುಗಳ ನೂಲು ಜಾರಿ ಅಡ್ಡ ಮಲಗುತ್ತದೆ. ಉದ್ದಕ್ಕೆ ಎಳೆದರೆ ಕಾಲುಗಳು ಈಗಾಗಲೇ ನಿಂತೇ ಇವೆ, ತಲೆಯ ಕಡೆಯ ಬಳುಕಿನಿಂದ ಬರುವಷ್ಟು ನೂಲು ಮಾತ್ರ ಬರುತ್ತದೆ. ಇನ್ನೊಂದು ಗಮನಿಸಿದ್ದು: ಉದ್ದಕ್ಕೆ ಎಳೆದಾಗ ಪಟ್ಟಿಯ ಅಗಲ ಕಣ್ಣಿಗೆ ಕಾಣುವಷ್ಟು ಕಿರಿದಾಯಿತು. ಒಂದೇ ನೂಲು ಎರಡೂ ಕಡೆಗೆ ಹಂಚಿಕೆಯಾಗಬೇಕಲ್ಲ, ಒಂದು ಕಡೆ ಹೋದರೆ ಇನ್ನೊಂದು ಕಡೆ ಕಡಿಮೆ. ಇದನ್ನು ನೆನಪಿಟ್ಟುಕೊಳ್ಳಿ, ಟೀ ಶರ್ಟಿನ ಕೇಸಿಗೆ ಮುಂದೆ ಬೇಕಾಗುತ್ತೆ.

ಬಾಟಲ್ ತೆಗೆದ ಮೇಲೆ ಪಾಪ್ಲಿನ್ 20ಕ್ಕೇ ಬಂತು. ಅಡ್ಡಕ್ಕೆ ಎಳೆದ ಟೀ ಶರ್ಟ್ ಪಟ್ಟಿ ಮಾತ್ರ 21ರ ಹತ್ತಿರ ನಿಂತುಬಿಟ್ಟಿತು. ಕುಣಿಕೆಗಳು ಒಂದರ ಮೇಲೊಂದು ಉಜ್ಜಿಕೊಂಡು ಅಲ್ಲೇ ಸಿಕ್ಕಿಹಾಕಿಕೊಂಡಿರುತ್ತವೆ, ವಾಪಸ್ ಎಳೆಯುವ ಶಕ್ತಿ ಬಾಗಿದ ನೂಲಿನದ್ದು ಮಾತ್ರ, ಅದು ತೀರಾ ಕಡಿಮೆ. ಟ್ರ್ಯಾಕ್ ಪ್ಯಾಂಟಿನ ಮಂಡಿ ಉಬ್ಬಿಕೊಳ್ಳುವುದು ಇದಕ್ಕೇ. ಇಲಾಸ್ಟೇನ್ ಅಂತ ಲೇಬಲ್ಲಿನಲ್ಲಿ ಶೇಕಡಾ 5 ಇರುತ್ತಲ್ಲ, ಅದು ಹಿಗ್ಗಿಸುವುದಕ್ಕಿಂತ ಹೆಚ್ಚಾಗಿ ವಾಪಸ್ ತರುವ ಕೆಲಸಕ್ಕೆ ಇರುವುದು. ಆ ಹಿಗ್ಗಿದ ಪಟ್ಟಿಯನ್ನು ನೀರಲ್ಲಿ ನೆನೆಸಿ ಮೇಜಿನ ಮೇಲೆ ಒಣಗಲು ಹಾಕಿದೆವು, ಎದ್ದು ನೋಡಿದರೆ 20ಕ್ಕೆ ಬಂದಿತ್ತು. ಒಂದು ಬಟ್ಟೆ ನೀರಿಗೆ ಬಿದ್ದ ತಕ್ಷಣ ತನ್ನ ಹಳೆಯ ಆಕಾರ ನೆನಪು ಮಾಡಿಕೊಳ್ಳುತ್ತೆ ಅಂತ ನಮಗೆ ಮೊದಲ ಸಲ ಅನುಮಾನ ಬಂದಿದ್ದು ಆಗ.

ಒಂದು ವಿಷಯ ಬಿಟ್ಟೆವು. ಪಾಪ್ಲಿನ್ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ, 45 ಡಿಗ್ರಿಯಲ್ಲಿ ಕತ್ತರಿಸಿ ಅದೇ ಬಾಟಲ್ ಹಾಕಿದಾಗ 21.8 ಆಯ್ತು. ಹಾಸು ಹೊಕ್ಕು ಎರಡೂ ಉದ್ದವಾಗಿಲ್ಲ. ಅವುಗಳ ನಡುವಿನ ಚೌಕ ವಾಲಿ ಡೈಮಂಡ್ ಆಗಿದೆ, ಎಂಜಿನಿಯರಿಂಗ್ ಮೆಕ್ಯಾನಿಕ್ಸ್‌ನಲ್ಲಿ ಓರೆ ಕಂಬಿ ಇಲ್ಲದ ಚೌಕಟ್ಟು ವಾಲುತ್ತಲ್ಲ ಹಾಗೆ. ಟೈಲರ್ ಅಂಕಲ್ ಇದನ್ನು 'ಕ್ರಾಸ್ ಕಟಿಂಗ್' ಅಂದರು. ರವಿಕೆಯ ಕತ್ತಿನ ಪಟ್ಟಿ ಯಾವಾಗಲೂ ಕ್ರಾಸ್‌ನಲ್ಲೇ ಕತ್ತರಿಸುತ್ತಾರಂತೆ, ಇಲ್ಲದಿದ್ದರೆ ದುಂಡಗೆ ಕೂರುವುದಿಲ್ಲ.

ಬಟ್ಟೆ ಮೈಮೇಲೆ ಹೇಗೆ ಬೀಳುತ್ತೆ ಅನ್ನುವುದಕ್ಕೂ ಇದೇ ವಾಲುವಿಕೆ ಮುಖ್ಯ. ಇದಕ್ಕೆ ಟೆಕ್ಸ್‌ಟೈಲ್ ಲ್ಯಾಬಿನಲ್ಲಿ ಒಂದು ಉಪಕರಣ ಇರುತ್ತದೆ: 18 ಸೆಂ.ಮೀ. ವ್ಯಾಸದ ತಟ್ಟೆಯ ಮೇಲೆ 30 ಸೆಂ.ಮೀ. ವ್ಯಾಸದ ಬಟ್ಟೆ ಹಾಕಿ, ಕೆಳಗೆ ಇಳಿಬಿದ್ದ ಅಂಚಿನ ನೆರಳು ಎಷ್ಟು ದೊಡ್ಡದು ಅಂತ ನೋಡುತ್ತಾರೆ. ನೆರಳು ಚಿಕ್ಕದಾದಷ್ಟೂ ಬಟ್ಟೆ ಚೆನ್ನಾಗಿ ಇಳಿಬೀಳುತ್ತದೆ ಅಂತ ಅರ್ಥ. ನಮ್ಮ ಹತ್ತಿರ ಇದ್ದದ್ದು ಬೈಕ್ ಹೆಲ್ಮೆಟ್. ಅದರ ಮೇಲೆ ಎರಡೂ ಬಟ್ಟೆಯ ತುಂಡು ಹೊದಿಸಿ ನೋಡಿದೆವು. ಟೀ ಶರ್ಟ್ ಬಟ್ಟೆ ಎಲ್ಲೂ ಮಡಿಕೆ ಇಲ್ಲದೆ ಹೆಲ್ಮೆಟ್ಟಿನ ದುಂಡಗೆ ಅಂಟಿಕೊಂಡು ಕೂತಿತು, ಕೈಯಿಂದ ಸ್ವಲ್ಪ ಸವರಿದ್ದಷ್ಟೇ. ಪಾಪ್ಲಿನ್ ಹಾಗೆ ಕೂರಲೇ ಇಲ್ಲ, ನಾಲ್ಕು ಕಡೆ ದೊಡ್ಡ ಮಡಿಕೆ ಎದ್ದಿತು. ಮಡಿಕೆಗಳ ನಡುವೆ, ಮೂಲೆಯ ದಿಕ್ಕಿನಲ್ಲಿ, ಚೌಕಗಳು ವಾಲಿದ ಕಡೆ ಮಾತ್ರ ಅದು ಹೆಲ್ಮೆಟ್ಟನ್ನು ಮುಟ್ಟಿತ್ತು. ದುಂಡಗಿನ ವಸ್ತುವಿನ ಮೇಲೆ ಕೂರಬೇಕಾದರೆ ಬಟ್ಟೆ ಒಂದು ಕಡೆ ಹಿಗ್ಗಬೇಕು, ಇನ್ನೊಂದು ಕಡೆ ಒತ್ತಿಕೊಳ್ಳಬೇಕು. ಕುಣಿಕೆಗೆ ಎರಡೂ ಬರುತ್ತೆ. ಹಾಸುಹೊಕ್ಕಿಗೆ ವಾಲುವುದೊಂದೇ ಗೊತ್ತು.

ಅದಕ್ಕೇ ರವಿಕೆಗೆ ಡಾರ್ಟ್ ಹಿಡಿಯಬೇಕು, ಟೀ ಶರ್ಟಿಗೆ ಬೇಡ. ಅದಕ್ಕೇ ಸೀರೆಯ ನೆರಿಗೆ ನಿಲ್ಲುತ್ತೆ, ಬನಿಯನ್ ಬಟ್ಟೆಯಲ್ಲಿ ನೆರಿಗೆ ಹಿಡಿದರೆ ಕರಗಿಹೋಗುತ್ತೆ. ಆದರೆ ಇಳಿಬೀಳುವುದೆಲ್ಲ ಹೆಣಿಗೆಯ ಗುಣ ಅಂತ ತಿಳಿಯಬೇಡಿ. ಶಿಫಾನ್ ನೇಯ್ದ ಬಟ್ಟೆಯೇ, ಅದರ ನೂಲು ಅಷ್ಟು ಸಣ್ಣ, ನೇಯ್ಗೆ ಅಷ್ಟು ಸಡಿಲ, ನೀರಿನ ಹಾಗೆ ಬೀಳುತ್ತೆ. ದಪ್ಪ ಹೆಣಿಗೆಯ ಸ್ವೆಟ್‌ಶರ್ಟ್ ಹಲಗೆಯ ಹಾಗೆ ನಿಂತುಕೊಳ್ಳುತ್ತೆ. ನೂಲಿನ ದಪ್ಪ, ತೂಕ, ಗಂಜಿ ಇವೂ ಲೆಕ್ಕಕ್ಕೆ ಬರುತ್ತವೆ. ಒಂದೇ ನೂಲು, ಒಂದೇ ತೂಕ ಇಟ್ಟುಕೊಂಡು ಹೋಲಿಸಿದಾಗ ಮಾತ್ರ ಹೆಣಿಗೆ ಮೆತ್ತಗೆ ಅಂತ ಹೇಳಬಹುದು.

ಈಗ ಒಗೆಯುವ ವಿಷಯಕ್ಕೆ, ಅಂದರೆ ನಮ್ಮ 64 ಟೀ ಶರ್ಟಿಗೆ ಬರೋಣ.

ಎರಡೂ ಬಟ್ಟೆಯ ಮೇಲೆ 30 ಸೆಂ.ಮೀ. ಚೌಕ ಗುರುತು ಮಾಡಿದೆವು, ಉದ್ದಕ್ಕೆ ಮೂರು ಜೋಡಿ ಗುರುತು, ಅಡ್ಡಕ್ಕೆ ಮೂರು ಜೋಡಿ. ಒಂದೇ ಜೋಡಿ ಇಟ್ಟರೆ ಅಳತೆಯ ತಪ್ಪೇ ಉತ್ತರ ಆಗಿಬಿಡಬಹುದು, ಮೂರರ ಸರಾಸರಿ ವಾಸಿ. ಮೊದಲ ಸಲ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಿದ್ವಿ, ತೊಳೆದಾಗ ಅರ್ಧ ಅಳಿಸಿಹೋಯಿತು. ಎರಡನೇ ಸಲ ಕೆಂಪು ದಾರದಲ್ಲಿ ಒಂದೊಂದು ಹೊಲಿಗೆ ಹಾಕಿ ಗುರುತು ಮಾಡಿದೆವು. ಆಮೇಲೆ ಹಾಸ್ಟೆಲ್ ಮಷೀನಿನಲ್ಲಿ ಐದು ಸಲ ತೊಳೆದು, ಪ್ರತಿ ಸಲ ಪೂರ್ತಿ ಒಣಗಿದ ಮೇಲೆ ಅಳೆದೆವು.

ಪಾಪ್ಲಿನ್ ಐದು ಸಲ ಆದ ಮೇಲೆ ಹಾಸಿನ ದಿಕ್ಕಿಗೆ 29.2, ಹೊಕ್ಕಿನ ದಿಕ್ಕಿಗೆ 29.7. ಟೀ ಶರ್ಟ್ ಬಟ್ಟೆ ಉದ್ದಕ್ಕೆ ಒಂದೇ ಸಲಕ್ಕೆ 28.0ಕ್ಕೆ ಬಂತು, ಮೂರನೇ ಸಲ 27.4, ಐದನೇ ಸಲ 27.3, ಅಲ್ಲಿಗೆ ನಿಂತಿತು. ಅಡ್ಡಕ್ಕೆ 30.4. ಅಂದರೆ ಉದ್ದ ಶೇಕಡಾ 9 ಕಡಿಮೆ, ಅಗಲ ಶೇಕಡಾ 1ಕ್ಕಿಂತ ಸ್ವಲ್ಪ ಜಾಸ್ತಿ. 70 ಸೆಂ.ಮೀ.ಗೆ ಶೇಕಡಾ 9 ಅಂದರೆ 6.3. ನಮ್ಮ ಗಿಡ್ಡ ಟೀ ಶರ್ಟಿನ ಲೆಕ್ಕಕ್ಕೆ ಸರಿಯಾಗಿ ಕೂತಿತು.

ನೂಲು ಕುಗ್ಗಿತಾ? ತೊಳೆದ ಬಟ್ಟೆಯಿಂದ ಮತ್ತೆ ನೂಲು ಬಿಚ್ಚಿ ಅಳೆದೆವು. ಪಾಪ್ಲಿನ್‌ನ ಹಾಸಿನ ನೂಲು, ಈಗ 29.2 ಆಗಿರುವ ಜಾಗದಿಂದ ತೆಗೆದದ್ದು, ನೇರ ಮಾಡಿದರೆ 32 ಸೆಂ.ಮೀ. ಇತ್ತು. ಟೀ ಶರ್ಟಿನ 100 ಕುಣಿಕೆಯ ನೂಲು 27.8. ಮೊದಲಿನಷ್ಟೇ ಅನ್ನಬಹುದು, ಆ ವ್ಯತ್ಯಾಸ ನಮ್ಮ ಸ್ಕೇಲಿನ ತಪ್ಪಿನೊಳಗೇ ಬರುತ್ತೆ. ಅಂದರೆ ಕುಗ್ಗಿದ್ದು ಬಟ್ಟೆ, ನೂಲಲ್ಲ. "ಕಳಪೆ ನೂಲು" ಅಂತ ನಾವು ಮಾಡಿದ್ದ ಆರೋಪ ತಪ್ಪಾಗಿತ್ತು.

ಹಾಗಾದರೆ ನೀರಿನಲ್ಲಿ ಏನಾಗುತ್ತೆ? ಹತ್ತಿಯ ಎಳೆ ನೀರು ಕುಡಿದಾಗ ಉದ್ದದಲ್ಲಿ ಬಹಳ ಬದಲಾಗುವುದಿಲ್ಲ, ದಪ್ಪ ಆಗುತ್ತದೆ, ವ್ಯಾಸ ಸುಮಾರು ಶೇಕಡಾ 20ರಷ್ಟು ಹೆಚ್ಚುತ್ತದೆ. ನೇಯ್ದ ಬಟ್ಟೆಯಲ್ಲಿ ಹೊಕ್ಕಿನ ನೂಲು ದಪ್ಪವಾದರೆ ಹಾಸಿನ ನೂಲು ಅದನ್ನು ಸುತ್ತಿಕೊಂಡು ಹೋಗಲು ಹೆಚ್ಚು ದಾರಿ ನಡೆಯಬೇಕು. ಅದರ ಉದ್ದ ಅಷ್ಟೇ ಇದೆ, ಹಾಗಾಗಿ ಅಲೆ ಎತ್ತರವಾಗುತ್ತದೆ, ಬಟ್ಟೆ ಗಿಡ್ಡವಾಗುತ್ತದೆ. ಒಣಗಿದಾಗ ನೂಲು ತೆಳ್ಳಗಾಗುತ್ತೆ, ಆದರೆ ಅಲೆಯನ್ನು ವಾಪಸ್ ನೇರ ಮಾಡಲು ಯಾರೂ ಎಳೆಯುತ್ತಿಲ್ಲವಲ್ಲ, ಹಾಗೇ ಉಳಿಯುತ್ತೆ. ಹಾಸಿನ ದಿಕ್ಕಿಗೇ ಯಾಕೆ ಜಾಸ್ತಿ ಅಂತ ನಮ್ಮ ಗುಳೇದಗುಡ್ಡದವನು ಒಂದೇ ಮಾತಲ್ಲಿ ಹೇಳಿದ: "ಮಗ್ಗದ ಮ್ಯಾಲ ಹಾಸು ಬಿಗಿಯಾಗಿ ಎಳದು ಕಟ್ಟಿರ್ತಾರ, ನೀರಾಗ ಹಾಕಿದ ಮ್ಯಾಲ ಅದು ಸಡ್ಲ ಆಗತೈತಿ." ಎಳೆದು ಇಟ್ಟಿದ್ದ ನೂಲಿಗೆ ನೀರು ಬಿಡುಗಡೆ ಕೊಟ್ಟ ಹಾಗೆ.

ಹೆಣೆದ ಬಟ್ಟೆಯಲ್ಲೂ ಅದೇ ಬಿಡುಗಡೆ, ಆದರೆ ಗೋದಾಮು ದೊಡ್ಡದಾಗಿರುವುದರಿಂದ ಪರಿಣಾಮವೂ ದೊಡ್ಡದು. ಮಷೀನಿನಿಂದ ಇಳಿಯುವಾಗ ರೋಲರ್ ಬಟ್ಟೆಯನ್ನು ಕೆಳಕ್ಕೆ ಎಳೆಯುತ್ತದೆ. ಬಣ್ಣ ಹಾಕುವಾಗ ಹಗ್ಗದ ಹಾಗೆ ಉದ್ದಕ್ಕೆ ಎಳೆದಾಡುತ್ತಾರೆ. ಒಣಗಿಸುವಾಗಲೂ ಎಳೆತ. ಇಷ್ಟೆಲ್ಲ ಆದ ಮೇಲೆ ಕುಣಿಕೆ ತನಗೆ ಬೇಕಾದ ಆಕಾರಕ್ಕಿಂತ ಎತ್ತರವಾಗಿ, ತೆಳ್ಳಗೆ ನಿಂತಿರುತ್ತದೆ, ಉಜ್ಜುವಿಕೆ ಅದನ್ನು ಹಾಗೇ ಹಿಡಿದಿಟ್ಟಿರುತ್ತದೆ. ನೀರು ಸೇರಿ ನೂಲು ಉಬ್ಬಿ, ಮಷೀನ್ ಕುಲುಕಿದಾಗ ಕುಣಿಕೆ ಜಾರಿ ಕುಳ್ಳಗೆ, ದುಂಡಗೆ ಆಗುತ್ತದೆ. ಉದ್ದ ಹೋಯಿತು, ಹೋದ ನೂಲಿನ ಸ್ವಲ್ಪ ಭಾಗ ಅಗಲಕ್ಕೆ ಬಂತು. ಬಾಟಲ್ ಪ್ರಯೋಗದಲ್ಲಿ ನೋಡಿದ ಹಂಚಿಕೆಯೇ, ಉಲ್ಟಾ.

ಹಾಗಾದರೆ ಬಿಸಿ ನೀರಿನ ಆರೋಪ? ಅದೇ ಟೀ ಶರ್ಟಿನ ತೋಳಿನ ತುಂಡೊಂದನ್ನು ನಲ್ಲಿಯ ತಣ್ಣೀರಿನ ಬಕೆಟ್ಟಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟು, ಹಿಂಡದೆ, ಮೇಜಿನ ಮೇಲೆ ಹರಡಿ ಒಣಗಿಸಿದೆವು. ತುಂಡು ಚಿಕ್ಕದು, 15 ಸೆಂ.ಮೀ. ಗುರುತು ಮಾತ್ರ ಹಿಡಿಯಿತು, ಅದು 14.3ಕ್ಕೆ ಬಂತು. ಒಟ್ಟು ಕುಗ್ಗುವಿಕೆಯಲ್ಲಿ ಅರ್ಧದಷ್ಟು ಬರೀ ತಣ್ಣೀರಿಗೇ ಆಗಿಹೋಯಿತು. ಬಿಸಿ ಮತ್ತು ಕುಲುಕಾಟ ಕೆಲಸವನ್ನು ಬೇಗ ಮುಗಿಸುತ್ತವೆ ಅಷ್ಟೇ, ಕುಗ್ಗಬೇಕಾದ್ದು ಬಟ್ಟೆಯೊಳಗೆ ಮೊದಲೇ ಇತ್ತು. ಆರೋಪ ಎರಡೂ ಕಡೆಯಿಂದ ತಪ್ಪು ಅಂತಾಯಿತು. (ಉಣ್ಣೆಯ ಸ್ವೆಟರ್ ವಿಷಯ ಬೇರೆ. ಅಲ್ಲಿ ಎಳೆಗಳ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿಯ ಹಾಗೆ ಗಟ್ಟಿಯಾಗುತ್ತದೆ, ಅಲ್ಲಿ ಬಿಸಿ ನೀರು ಮತ್ತು ಉಜ್ಜುವುದು ನಿಜವಾಗಿಯೂ ಅಪರಾಧಿ.)

ಕುಣಿಕೆಗೆ 'ತನಗೆ ಬೇಕಾದ ಆಕಾರ' ಅಂತ ಒಂದಿದೆ ಅನ್ನುವುದು ನಾವು ಕಟ್ಟಿದ ಮಾತಲ್ಲ. 1959ರಲ್ಲಿ ಮಂಡೆನ್ ಎಂಬ ಸಂಶೋಧಕ ಇದರ ಬಗ್ಗೆ ಬರೆದಿದ್ದಾರೆ. ಸಾದಾ ಹೆಣಿಗೆಯ ಬಟ್ಟೆ ಪೂರ್ತಿ ಸಡಿಲಗೊಂಡಾಗ ಒಂದು ಸೆಂ.ಮೀ.ನಲ್ಲಿ ಎಷ್ಟು ಅಡ್ಡಸಾಲು, ಎಷ್ಟು ಉದ್ದಸಾಲು ಇರುತ್ತವೆ ಅನ್ನುವುದು ಮುಖ್ಯವಾಗಿ ಒಂದು ಕುಣಿಕೆಗೆ ಎಷ್ಟು ನೂಲು ಕೊಟ್ಟಿದ್ದಾರೆ ಅನ್ನುವುದರ ಮೇಲೆ ನಿಂತಿದೆ, ಎರಡರ ಅನುಪಾತ ಸುಮಾರು 1.3ಕ್ಕೆ ಬಂದು ನಿಲ್ಲುತ್ತದೆ. ನಾವು ಎಣಿಸಿದೆವು. ತೊಳೆಯದ ಬಟ್ಟೆಯಲ್ಲಿ 2 ಸೆಂ.ಮೀ.ಗೆ 35 ಅಡ್ಡಸಾಲು, 29 ಉದ್ದಸಾಲು, ಅನುಪಾತ 1.2. ಐದು ಸಲ ತೊಳೆದದ್ದರಲ್ಲಿ 38 ಅಡ್ಡಸಾಲು ದಾಟಿ 39ನೆಯದು ಅರ್ಧ ಕಾಣುತ್ತಿತ್ತು, ಉದ್ದಸಾಲು ಇನ್ನೇನು 29 ತುಂಬಬೇಕು ಅನ್ನುವಷ್ಟು. ಅನುಪಾತ 1.3 ದಾಟಿತ್ತು. ಕುಣಿಕೆಗಳು ಎಲ್ಲೂ ಹೋಗಿಲ್ಲ, ಒತ್ತಿ ಕೂತಿವೆ.

ಇದು ನಮಗೆ ಸಿಕ್ಕ ದೊಡ್ಡ ಉಪಯೋಗ. ಯಾಕೆಂದರೆ ಹೊಸ ಸ್ಯಾಂಪಲ್ ಕೈಗೆ ಬಂದಾಗ, ತೊಳೆಯುವ ಮೊದಲೇ, ಒಂದು ಭೂತಗನ್ನಡಿ ಮತ್ತು ಸ್ಕೇಲ್ ಇಟ್ಟುಕೊಂಡು ಅಡ್ಡಸಾಲು ಉದ್ದಸಾಲು ಎಣಿಸಬಹುದು. ಅನುಪಾತ 1.3ಕ್ಕೆ ಹತ್ತಿರ ಇದ್ದರೆ ಕುಣಿಕೆ ಆಗಲೇ ವಿಶ್ರಾಂತಿಯಲ್ಲಿದೆ. 1.2, 1.1 ಅಂತ ಇದ್ದರೆ ಉದ್ದಕ್ಕೆ ಎಳೆದು ಕಳಿಸಿದ್ದಾರೆ, ತೊಳೆದಾಗ ಗಿಡ್ಡ ಆಗುತ್ತೆ. ಇದು ಸಾದಾ ಟೀ ಶರ್ಟ್ ಹೆಣಿಗೆಗೆ ಮಾತ್ರ. ಕಾಲರ್ ಇರುವ ಟೀ ಶರ್ಟಿನ ಚುಕ್ಕೆ ಚುಕ್ಕೆ ಬಟ್ಟೆಗೆ, ತೋಳಿನ ತುದಿಯ ರಿಬ್ಬಿಗೆ ಈ ಲೆಕ್ಕ ನಡೆಯುವುದಿಲ್ಲ.

ಒಳ್ಳೆಯ ಕಾರ್ಖಾನೆಗಳು ಕೊನೆಯಲ್ಲಿ ಬಟ್ಟೆಯನ್ನು ಹಬೆಯಲ್ಲಿ ಹಾಯಿಸಿ ಉದ್ದಕ್ಕೆ ಒತ್ತಿ ಕಳಿಸುತ್ತವೆ, ಅದಕ್ಕೆ ಕಾಂಪ್ಯಾಕ್ಟಿಂಗ್ ಅನ್ನುತ್ತಾರೆ. ತೊಳೆದಾಗ ಆಗಬೇಕಾದ ಕುಗ್ಗುವಿಕೆಯನ್ನು ಮೊದಲೇ ಮಾಡಿಬಿಡುವುದು. ನೇಯ್ದ ಬಟ್ಟೆಗೂ ಇಂಥದ್ದೇ ಒಂದಿದೆ, ಅಮೆರಿಕದ ಸ್ಯಾನ್‌ಫೋರ್ಡ್ ಕ್ಲೂಯೆಟ್ 1930ರ ಸುಮಾರಿಗೆ ಕಂಡುಹಿಡಿದದ್ದು. ಅವರ ಹೆಸರಿಂದಲೇ 'ಸ್ಯಾನ್‌ಫರೈಸ್ಡ್' ಅನ್ನೋ ಪದ ಬಂತು. ಅಪ್ಪಂದಿರ ಕಾಲದ ಶರ್ಟ್ ಬಟ್ಟೆಯ ಅಂಚಿನಲ್ಲಿ ಇದನ್ನು ಮುದ್ರಿಸಿರುತ್ತಿದ್ದರಂತೆ. ನಮ್ಮ ಪಾಪ್ಲಿನ್ ಅಂಚಿನಲ್ಲಿ ಏನೂ ಇರಲಿಲ್ಲ.

ಟೀ ಶರ್ಟಿನಲ್ಲಿ ಇನ್ನೊಂದು ದೋಷವನ್ನೂ ಕೆಲವರು ಗಮನಿಸಿರಬಹುದು. ಪಕ್ಕದ ಹೊಲಿಗೆ ತೊಳೆದ ಮೇಲೆ ತಿರುಗಿ ಹೊಟ್ಟೆಯ ಕಡೆ ಬಂದಿದೆ. ನೂಲನ್ನು ಹುರಿ ಮಾಡಿರುತ್ತಾರಲ್ಲ, ಆ ಹುರಿ ಬಿಚ್ಚಿಕೊಳ್ಳಲು ನೋಡುತ್ತಾ ಪ್ರತಿ ಕುಣಿಕೆಯನ್ನು ಒಂದೇ ಕಡೆಗೆ ವಾಲಿಸುತ್ತದೆ. ಒಂದು ಕುಣಿಕೆಯಲ್ಲಿ ಕಾಣದ ವಾಲು, ಸಾವಿರಕ್ಕೂ ಹೆಚ್ಚು ಸಾಲು ಸೇರಿದಾಗ ಕೆಳಗಿನ ಅಂಚಿನಲ್ಲಿ ಮೂರು ನಾಲ್ಕು ಸೆಂ.ಮೀ. ಆಗುತ್ತೆ. ನೇಯ್ದ ಸಾದಾ ಶರ್ಟಿನಲ್ಲಿ ಇದು ಆಗುವುದಿಲ್ಲ, ಜೀನ್ಸ್‌ನ ಓರೆ ನೇಯ್ಗೆಯಲ್ಲಿ ಮಾತ್ರ ಕಾಲು ತಿರುಗುವುದುಂಟು.

ಈ ವರ್ಷ ಮೂರು ಕಡೆಯಿಂದ ಸ್ಯಾಂಪಲ್ ತರಿಸಿದೆವು. ಮೂರೂ 180 ಜಿಎಸ್‌ಎಂ ಅಂತ ಹೇಳಿದ್ದರು, ಅಂದರೆ ಒಂದು ಚದರ ಮೀಟರಿಗೆ 180 ಗ್ರಾಂ. 10 ಸೆಂ.ಮೀ. ಚೌಕ ಕತ್ತರಿಸಿ ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯಲ್ಲಿ ಇಟ್ಟು 100ರಿಂದ ಗುಣಿಸಿದೆವು, ಒಂದು 162ಕ್ಕೆ ಬಂತು, ಅದನ್ನು ಅಲ್ಲೇ ಬಿಟ್ಟೆವು. ಉಳಿದ ಎರಡರಲ್ಲಿ ಒಂದರ ಸಾಲಿನ ಅನುಪಾತ 1.19, ಇನ್ನೊಂದರದು 1.27. ಎರಡನ್ನೂ ಮೂರು ಸಲ ತೊಳೆದೆವು. ಮೊದಲನೆಯದು ಉದ್ದದಲ್ಲಿ ಶೇಕಡಾ 8 ಹೋಯಿತು, ಎರಡನೆಯದು ಶೇಕಡಾ 3.5. ಎರಡನೆಯದು ಒಂದಕ್ಕೆ 25 ರೂಪಾಯಿ ಜಾಸ್ತಿ. ಕ್ಲಬ್ ಮೀಟಿಂಗಿನಲ್ಲಿ ಇದಕ್ಕೆ ಅರ್ಧ ಗಂಟೆ ಜಗಳ ಆಯಿತು, ಕೊನೆಗೆ ಹಳೆಯ ಟೀ ಶರ್ಟ್ ಹಾಕಿಕೊಂಡು ಬಂದಿದ್ದ ಸೀನಿಯರ್ ಒಬ್ಬರು ಎದ್ದು ಕೈ ಎತ್ತಿ ತೋರಿಸಿದ ಮೇಲೆ ಎಲ್ಲರೂ ಒಪ್ಪಿದರು. ಎಂ ಸೈಜಿನ ಉದ್ದವನ್ನು 72 ಸೆಂ.ಮೀ. ಅಂತ ಬರೆದುಕೊಟ್ಟಿದ್ದೇವೆ, ಕುಗ್ಗಿದ ಮೇಲೆ 69.5 ಉಳಿಯಲಿ ಅಂತ.

ಹಳೆಯದನ್ನು ಇಟ್ಟುಕೊಂಡಿರುವವರಿಗೆ: ಒದ್ದೆ ಇರುವಾಗ ಮೇಜಿನ ಮೇಲೆ ಹರಡಿ ಕೆಳ ಅಂಚನ್ನು ಮೆಲ್ಲಗೆ ಎಳೆದು, ಹಾಗೇ ಒಣಗಲು ಬಿಟ್ಟರೆ ಮೂರು ಸೆಂ.ಮೀ. ವಾಪಸ್ ಬರುತ್ತೆ, ನಾವು ಮಾಡಿ ನೋಡಿದ್ದೇವೆ. ಅಗಲ ಸ್ವಲ್ಪ ಕಡಿಮೆಯಾಗುತ್ತೆ. ಭುಜ ಹಿಡಿದು ಹ್ಯಾಂಗರಿಗೆ ನೇತುಹಾಕಬೇಡಿ, ನೀರಿನ ಭಾರಕ್ಕೆ ಕತ್ತು ಜೋಲುತ್ತೆ. ಒಂದು ದಿನದ ಫೋಟೋಗೆ ಇಷ್ಟು ಸಾಕು, ಮುಂದಿನ ಸಲ ತೊಳೆದಾಗ ಮತ್ತೆ 64.